ಎರಡು ರಾತ್ರಿಯಲ್ಲಿ 31 ಒಂದು ಸ್ಟಾರ್: ಯಾವುದನ್ನು ರಿಪೋರ್ಟ್ ಮಾಡಲಿ, ಯಾವುದನ್ನು ಬಿಡಲಿ?

ಇಡ್ಲಿಪಾತ್ರೆ · ಭಾನುವಾರ, ಮಧ್ಯಾಹ್ನ 3:20

ಎಲ್ಲರಿಗೂ ನಮಸ್ಕಾರ. ಹನುಮಂತನಗರದಲ್ಲಿ ನಮ್ಮದೊಂದು ಸಣ್ಣ ಟಿಫಿನ್ ರೂಮ್ ಇದೆ. ಅಪ್ಪ ಶುರು ಮಾಡಿದ್ದು. 24 ಸೀಟು. ಬೆಳಗ್ಗೆ ಆರೂವರೆಯಿಂದ ಹನ್ನೊಂದು, ಸಂಜೆ ನಾಲ್ಕರಿಂದ ಎಂಟೂವರೆ. ಇಡ್ಲಿ, ವಡೆ, ಖಾಲಿ ದೋಸೆ, ಕಾಫಿ. ಅಷ್ಟೇ ನಮ್ಮ ಬಂಡವಾಳ.

ಶುಕ್ರವಾರ ಸಂಜೆ ಊರಿನ ಇನ್ನೊಂದು ಮೂಲೆಯ ಒಂದು ಹೋಟೆಲ್‌ನಲ್ಲಿ ಕ್ಯಾಷಿಯರ್‌ಗೂ ಗಿರಾಕಿಗೂ ಭಾಷೆ ವಿಚಾರಕ್ಕೆ ಜಗಳ ಆಗಿದೆ. ಯಾರೋ ವಿಡಿಯೊ ಮಾಡಿ ಹಾಕಿದ್ದಾರೆ, ಎಲ್ಲಾ ಕಡೆ ಓಡಿದೆ. ಆ ಹೋಟೆಲ್‌ಗೂ ನಮ್ಮ ಹೋಟೆಲ್‌ಗೂ ಒಂದೇ ದೇವರ ಹೆಸರು. ಬೆಂಗಳೂರಲ್ಲಿ ಆ ಹೆಸರಿನ ಹೋಟೆಲ್ ಎಷ್ಟಿವೆಯೋ ಆ ದೇವರಿಗೇ ಗೊತ್ತು. ಜನ ಮ್ಯಾಪ್‌ನಲ್ಲಿ ಹೆಸರು ಹುಡುಕಿ, ಮೊದಲು ಸಿಕ್ಕಿದ್ದಕ್ಕೆ ಒಂದು ಸ್ಟಾರ್ ಒತ್ತಿದ್ದಾರೆ. ಮೊದಲು ಸಿಕ್ಕಿದ್ದು ನಾವು.

ಎರಡು ರಾತ್ರಿಯಲ್ಲಿ 31 ಬಂದಿವೆ. ಮಾಮೂಲಿಯಾಗಿ ನಮಗೆ ತಿಂಗಳಿಗೆ ಐದೋ ಆರೋ ರಿವ್ಯೂ ಬರುತ್ತವೆ. 212 ರಿವ್ಯೂ, 4.6 ಇತ್ತು. ಈಗ 4.1 ತೋರಿಸುತ್ತಿದೆ. ತಮಾಷೆ ಏನಂದ್ರೆ ಅರ್ಧ ಜನ ‘ಕನ್ನಡಕ್ಕೆ ಅವಮಾನ ಮಾಡಿದ್ರಿ’ ಅಂತ, ಇನ್ನರ್ಧ ಜನ ‘ಹಿಂದಿಯವರಿಗೆ ಅವಮಾನ ಮಾಡಿದ್ರಿ’ ಅಂತ ಬರೆದಿದ್ದಾರೆ. ಎರಡೂ ಕಡೆಯವರು ಸೇರಿ ನಮ್ಮನ್ನು ಹೊಡೆದಿದ್ದಾರೆ.

ಬೆಳಗ್ಗೆ ಸಿಟ್ಟಿನಲ್ಲಿ ಎಲ್ಲದಕ್ಕೂ ಒಂದೇ ಉತ್ತರ ಹಾಕೋಣ ಅಂತ ಬರೆದಿಟ್ಟಿದ್ದೇನೆ. ಇನ್ನೂ ಹಾಕಿಲ್ಲ. ಇದು: ‘ಇದು ಸಂಪೂರ್ಣ ಸುಳ್ಳು!! ಇದು ನಮ್ಮ ಹೋಟೆಲ್ ಅಲ್ಲವೇ ಅಲ್ಲ. ನೋಡದೆ ಕೆಟ್ಟದಾಗಿ ಬರೆಯುವವರ ಮೇಲೆ ಕೇಸ್ ಹಾಕುತ್ತೇವೆ.’ ಹಾಕಲಾ? ರಿಪೋರ್ಟ್ ಹೇಗೆ ಮಾಡೋದು?

ಬೈಟು ಕಾಫಿ · ಭಾನುವಾರ, 3:41

ಗುರು, ತಲೆ ಕೆಡಿಸ್ಕೋಬೇಡ. ಎರಡು ಕೆಲಸ ಮಾಡು. ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತಗೋ. ಆಮೇಲೆ ಫ್ಯಾಮಿಲಿ ಗ್ರೂಪ್, ಸ್ಕೂಲ್ ಗ್ರೂಪ್, ಏರಿಯಾ ಗ್ರೂಪ್, ಎಲ್ಲಾ ಕಡೆ ಲಿಂಕ್ ಹಾಕು. ಐವತ್ತು ಜನ ರಿಪೋರ್ಟ್ ಒತ್ತಿದರೆ ತಾನೇ ಹೋಗುತ್ತೆ. ಜೊತೆಗೆ ಅದೇ ಐವತ್ತು ಜನ ಐದು ಸ್ಟಾರ್ ಕೊಡಲಿ. ಸೋಮವಾರಕ್ಕೆ ಮತ್ತೆ 4.6.

15ನೇ ಕ್ರಾಸ್ · ಭಾನುವಾರ, 4:15

ಬೈಟು ಅವರೇ, ಸ್ಕ್ರೀನ್‌ಶಾಟ್ ಮಾತು ಸರಿ. ಉಳಿದದ್ದು ಮಾಡಿದರೆ ಈ ಹುಡುಗನ ಹೋಟೆಲ್ ಇನ್ನೂ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ. ಮಲ್ಲೇಶ್ವರದ ಕಡೆಯ ಒಂದಿಷ್ಟು ಅಂಗಡಿಗಳ ಗೂಗಲ್ ಪ್ರೊಫೈಲ್ ನೋಡಿಕೊಳ್ಳುವುದು ನನ್ನ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ.

ಒಬ್ಬರು ರಿಪೋರ್ಟ್ ಮಾಡಿದರೂ ಐವತ್ತು ಜನ ಮಾಡಿದರೂ ಅಲ್ಲಿ ನೋಡುವುದು ಒಂದೇ. ಈ ರಿವ್ಯೂ ನಿಯಮ ಮೀರಿದೆಯೋ ಇಲ್ಲವೋ. ಮೀರಿಲ್ಲ ಅಂದರೆ ಐನೂರು ಜನ ಒತ್ತಿದರೂ ಹೋಗುವುದಿಲ್ಲ. ಇನ್ನು ಮನೆಯವರಿಂದ, ಗೆಳೆಯರಿಂದ ಐದು ಸ್ಟಾರ್ ಹಾಕಿಸುವುದು ಅದೇ ನಿಯಮದಲ್ಲಿ ತಪ್ಪು. ನಿಮ್ಮ ಮೇಲೆ ಬಿದ್ದದ್ದು ಒಂದು ಕಳ್ಳ ಗುಂಪು, ನೀವು ಎಬ್ಬಿಸುವುದು ಇನ್ನೊಂದು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಲೆಕ್ಕವೂ ಕೂಡುವುದಿಲ್ಲ. 212 ರಿವ್ಯೂ 4.6ರಲ್ಲಿದ್ದಾಗ 31 ಒಂದು ಸ್ಟಾರ್ ಬಿದ್ದರೆ ಸರಾಸರಿ 4.14 ಆಗುತ್ತದೆ. ಬರೀ ಐದು ಸ್ಟಾರ್‌ಗಳಿಂದ ಅದನ್ನು 4.5ಕ್ಕೆ ತರಬೇಕಾದರೆ 175 ಬೇಕು. ನಿಮ್ಮ ಸ್ಕೂಲ್ ಗ್ರೂಪ್‌ನಲ್ಲಿ ಅಷ್ಟು ಜನ ಇದ್ದರೂ ಒಂದೇ ವಾರದಲ್ಲಿ 175 ಹೊಗಳಿಕೆ ಬಂದ ಟಿಫಿನ್ ರೂಮ್ ಯಾರು ನಂಬುತ್ತಾರೆ?

ಇಡ್ಲಿಪಾತ್ರೆ, ಆ ಉತ್ತರ ಹಾಕಬೇಡಿ. ಮೊದಲು 31ನ್ನೂ ಕೂತು ಓದಿ. 31 ಅಂತ ಒಂದೇ ಮೂಟೆ ಕಟ್ಟಿದ್ದೀರಿ. ಅದರಲ್ಲಿ ಕನಿಷ್ಠ ಮೂರು ಥರದವು ಇರುತ್ತವೆ. ಒಂದು ಕಾಗದದ ಮೇಲೆ ಬರೆದುಕೊಳ್ಳಿ: ಹೆಸರು, ಬಂದ ಹೊತ್ತು, ಏನು ಬರೆದಿದ್ದಾರೆ, ಅವರು ಬೇರೆ ಎಲ್ಲೆಲ್ಲಿ ಬರೆದಿದ್ದಾರೆ. ಮ್ಯಾಪ್‌ನಲ್ಲಿ ‘2 ದಿನದ ಹಿಂದೆ’ ಅಂತ ಮಾತ್ರ ಕಾಣುತ್ತದೆ, ಗಂಟೆ ಕಾಣುವುದಿಲ್ಲ. ನಿಮಗೆ ಬಂದಿರುವ ನೋಟಿಫಿಕೇಷನ್ ಮೇಲ್‌ಗಳನ್ನು ಅಳಿಸಬೇಡಿ, ಅದರಲ್ಲಿ ಗಂಟೆ ಸಿಗುತ್ತದೆ.

ಸುಮ್ನೆ ಸೂರಿ · ಭಾನುವಾರ, 4:50

ನಂದೂ ಇದೇ ಪ್ರಾಬ್ಲಮ್. ಒಂದು ಹೋಟೆಲ್‌ಗೆ ನಾನು ಒಂದು ಸ್ಟಾರ್ ಕೊಟ್ಟಿದ್ದೆ, ಈಗ ನನ್ನ ರಿವ್ಯೂನೇ ಕಾಣಿಸ್ತಿಲ್ಲ. ವಾಪಸ್ ತರೋದು ಹೇಗೆ?

ಬೈಟು ಕಾಫಿ · ಭಾನುವಾರ, 4:52

ಸೂರಿ, ನೀನು ಆ ಕಡೆ ಟೀಮು. ಇಲ್ಲಿ ಈ ಕಡೆ ಟೀಮು ಮಾತಾಡ್ತಿದೆ 😄

ಸುಮ್ನೆ ಸೂರಿ · ಭಾನುವಾರ, 5:05

ಅಯ್ಯೋ. ಆದ್ರೂ ಒಂದು ಮಾತು ಹೇಳ್ತೀನಿ, ಗಿರಾಕಿ ಲೆಕ್ಕದಲ್ಲಿ. ಆ ಹೋಟೆಲ್‌ನಲ್ಲಿ ಸಾಗುವಿನಲ್ಲಿ ಕೂದಲು ಸಿಕ್ಕಿತ್ತು. ನಿಜವಾಗಲೂ. ಮರುದಿನ ಓನರ್ ಉತ್ತರ ಬರೆದಿದ್ದ, ‘ನೀವು ನಮ್ಮಲ್ಲಿಗೆ ಬಂದೇ ಇಲ್ಲ, ಯಾರು ದುಡ್ಡು ಕೊಟ್ಟರು ನಿಮಗೆ?’ ಅಂತ. ಯುಪಿಐನಲ್ಲಿ 140 ರೂಪಾಯಿ ಕೊಟ್ಟಿದ್ದೆ, ಅದರ ಸ್ಕ್ರೀನ್‌ಶಾಟ್ ಹಾಕಿದೆ. ಕೂದಲು ನಾನು ಮರೆತೇಬಿಡುತ್ತಿದ್ದೆ. ಆ ಉತ್ತರ ಮರೆತಿಲ್ಲ.

15ನೇ ಕ್ರಾಸ್ · ಭಾನುವಾರ, 5:20

ಇದನ್ನೇ ನಾನು ಹೇಳಬೇಕು ಅಂತಿದ್ದೆ. ಇಡ್ಲಿಪಾತ್ರೆ, ಸೂರಿಯವರದ್ದನ್ನು ಎರಡು ಸಲ ಓದಿ.

ಇಡ್ಲಿಪಾತ್ರೆ · ಭಾನುವಾರ, ರಾತ್ರಿ 9:40

ಅಂಗಡಿ ಮುಚ್ಚಿ ಕೂತು ಎಲ್ಲಾ ಬರೆದೆ. ನೀವು ಹೇಳಿದ ಹಾಗೇ ಆಯ್ತು ಮೇಡಂ, ಒಂದೇ ಮೂಟೆ ಅಲ್ಲ.

22ರಲ್ಲಿ ಬರಹ ಇದೆ, ಅದು ನಮ್ಮದಲ್ಲ ಅನ್ನೋದು ಓದಿದರೆ ಗೊತ್ತಾಗುತ್ತೆ. ಹೆಚ್ಚಿನವು ವಿಡಿಯೊ ಬಗ್ಗೆ. ಒಬ್ಬರು ‘ಎಸಿ ಹಾಲ್‌ನಲ್ಲಿ ಕೂರಿಸಿ ಬೈದರು’ ಅಂತಾರೆ. ನಮ್ಮಲ್ಲಿ ಮೂರು ಫ್ಯಾನ್ ಇವೆ, ಒಂದು ತಿರುಗಲ್ಲ. ಇನ್ನೊಬ್ಬರು ಪನೀರ್ ಪರಾಠಾ ಹಳಸಿತ್ತು ಅಂದಿದ್ದಾರೆ.

7ರಲ್ಲಿ ಏನೂ ಬರೆದಿಲ್ಲ, ಸ್ಟಾರ್ ಮಾತ್ರ.

ಒಂದು ನನಗೆ ಚುಚ್ಚಿತು. ‘ಅಡುಗೆಮನೆ ಗಲೀಜು, ಕೆಲಸದವರಿಗೆ ಸಂಬಳ ಹತ್ತು ದಿನ ತಡ, ಓನರ್ ಮಗ ಬೈಯ್ತಾನೆ’. ಹೆಸರು ಬೇರೆ ಇದೆ, ಆದರೆ ಹೋದ ತಿಂಗಳು ಬಿಟ್ಟುಹೋದ ಸಪ್ಲೈಯರ್ ಹುಡುಗನೇ ಇದು. ಹಿಂದಿನ ಬಾಗಿಲ ಹತ್ತಿರ ರುಬ್ಬುವ ಕಲ್ಲು ಇರೋದು ಹೊರಗಿನವರಿಗೆ ಗೊತ್ತಿರಲ್ಲ, ಅದನ್ನೂ ಬರೆದಿದ್ದಾನೆ. ಗಲಾಟೆ ಮಧ್ಯೆ ಇವನೂ ಕೈ ಆಡಿಸಿದ್ದಾನೆ.

ಕೊನೆಯದು ಹೀಗಿದೆ: ‘ಶನಿವಾರ ಎಂಟು ಗಂಟೆಗೆ ಹೋದೆ. ಚಟ್ನಿ ಹುಳಿ ಬಂದಿತ್ತು. ಹೇಳಿದರೆ ಮುಖ ತಿರುಗಿಸಿದರು.’ ಇದನ್ನೂ ರಿಪೋರ್ಟ್ ಮಾಡೋಣ ಅಂತ ಬೆರಳು ಇಟ್ಟೆ. ಆಮೇಲೆ ಅಮ್ಮನನ್ನು ಕೇಳಿದೆ. ಶುಕ್ರವಾರ ರಾತ್ರಿ ಕರೆಂಟ್ ಹೋಗಿತ್ತು, ತುರಿದಿಟ್ಟ ಕಾಯಿ ಫ್ರಿಡ್ಜ್‌ನಲ್ಲೇ ಇತ್ತಂತೆ. ಅದು ನಮ್ಮದೇ.

15ನೇ ಕ್ರಾಸ್ · ಭಾನುವಾರ, ರಾತ್ರಿ 10:30

ಅಮ್ಮನನ್ನು ಕೇಳಿದ್ದು ಒಳ್ಳೆಯದಾಯಿತು. ಈಗ ಒಂದೊಂದಾಗಿ ನೋಡೋಣ.

ಮೊದಲು 22. ಜನ ಮಾಡುವ ತಪ್ಪು ಏನಂದ್ರೆ ರಿಪೋರ್ಟ್‌ನಲ್ಲಿ ‘ಇದು ಸುಳ್ಳು’ ಅನ್ನುವುದು. ನಿಮ್ಮ ಮಾತು ನಿಜವೋ ಗಿರಾಕಿ ಮಾತು ನಿಜವೋ ಅಂತ ಪಂಚಾಯಿತಿ ಮಾಡುವುದಿಲ್ಲ ಅಂತ ಗೂಗಲ್ ಮೊದಲೇ ಹೇಳಿಬಿಟ್ಟಿದೆ. ಅಲ್ಲಿ ಕೇಳುವ ಪ್ರಶ್ನೆ ಬೇರೆ. ಈ ಮನುಷ್ಯ ಈ ಜಾಗದಲ್ಲಿ ತನಗಾದ ಅನುಭವ ಬರೆದಿದ್ದಾನಾ, ಅಥವಾ ಸುದ್ದಿ ನೋಡಿ ಸಿಟ್ಟು ತೀರಿಸಿಕೊಂಡಿದ್ದಾನಾ? ವಿಡಿಯೊ ಹೆಸರು ಎತ್ತಿದವೆಲ್ಲ ಎರಡನೆಯದು. ಅವಕ್ಕೆ `Off topic` ಆರಿಸಿ. ನಿಮ್ಮ ಫೋನಿನಲ್ಲಿ ಪದ ಸ್ವಲ್ಪ ಬೇರೆ ಇರಬಹುದು, ಅರ್ಥ ನೋಡಿ ಆರಿಸಿ. ಬೈಗುಳ ಇದ್ದರೆ `Profanity`. ಎಲ್ಲಕ್ಕೂ ಕಣ್ಣುಮುಚ್ಚಿ `Spam` ಒತ್ತಬೇಡಿ. ಯಾವ ನಿಯಮ ಮುರಿದಿದೆಯೋ ಅದನ್ನೇ ತೋರಿಸಿದರೆ ನೋಡುವವರಿಗೆ ಬೇಗ ಗೊತ್ತಾಗುತ್ತದೆ.

ಆ ಜನರ ಪ್ರೊಫೈಲ್ ಒತ್ತಿ ನೋಡಿ. ಕೆಲವರು ಅದೇ ರಾತ್ರಿ ಅದೇ ದೇವರ ಹೆಸರಿನ ಇನ್ನೆರಡು ಹೋಟೆಲ್‌ಗೂ ಒಂದು ಸ್ಟಾರ್ ಒತ್ತಿರುತ್ತಾರೆ. ಅದೇ ದೊಡ್ಡ ಸಾಕ್ಷಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಕೆಲವರು ಪ್ರೊಫೈಲ್ ಮುಚ್ಚಿಟ್ಟಿರುತ್ತಾರೆ, ಬಿಟ್ಟುಬಿಡಿ.

ಒಂದು ಎಚ್ಚರಿಕೆ. ರಾತ್ರಿ ಒಂದಕ್ಕೆ ಬರೆದ ಮಾತ್ರಕ್ಕೆ ಸುಳ್ಳು ಅಲ್ಲ. ಊಟ ಮಾಡಿದವನು ಮನೆಗೆ ಹೋಗಿ, ಹೊಟ್ಟೆ ಕೆಟ್ಟು, ಮಲಗುವಾಗ ಬರೆಯುತ್ತಾನೆ. ಪ್ರೊಫೈಲ್‌ನಲ್ಲಿ ಒಂದೇ ರಿವ್ಯೂ ಇದ್ದ ಮಾತ್ರಕ್ಕೂ ಸುಳ್ಳು ಅಲ್ಲ. ತುಂಬಾ ಜನ ಜೀವನದಲ್ಲಿ ಮೊದಲ ಸಲ ರಿವ್ಯೂ ಬರೆಯುವುದೇ ಸಿಟ್ಟು ಬಂದಾಗ. ಒಂದು ಗುರುತು ಸಾಲದು. ಒಟ್ಟಿಗೆ ಬಂದಿದ್ದು, ಒಂದೇ ವಿಷಯ ಹಿಡಿದಿದ್ದು, ನಿಮ್ಮಲ್ಲಿ ಇಲ್ಲದ ವಸ್ತು ಹೇಳಿದ್ದು, ಇವು ಕೂಡಿಬಂದರೆ ಮಾತ್ರ ನಂಬಿ. ಆ ಚಟ್ನಿ ರಿವ್ಯೂ ಕೂಡ ಅದೇ ಶನಿವಾರ ಬಂದದ್ದಲ್ವಾ?

ಇಂಥ ಹೆಸರಿನ ಎಡವಟ್ಟು ಹೊಸದೇನೂ ಅಲ್ಲ. 2017ರಲ್ಲಿ ಸ್ನ್ಯಾಪ್‌ಚಾಟ್ ಮೇಲೆ ಸಿಟ್ಟು ಬಂದ ನಮ್ಮ ಜನ ಹೋಗಿ ಸ್ನ್ಯಾಪ್‌ಡೀಲ್‌ಗೆ ಒಂದು ಸ್ಟಾರ್ ಹಾಕಿಬಂದಿದ್ದರು. ಅಷ್ಟು ದೊಡ್ಡ ಕಂಪನಿಗಳಿಗೇ ಹಾಗಾದರೆ ದೇವರ ಹೆಸರಿನ ಇಡ್ಲಿ ಅಂಗಡಿ ಯಾವ ಲೆಕ್ಕ.

ಸಪ್ಲೈಯರ್ ಹುಡುಗನದ್ದು ನಾಳೆ ಬರೆಯುತ್ತೇನೆ. ಅದು ಸುಲಭ ಇಲ್ಲ.

ಪೀಜಿ ಆಂಟಿ · ಸೋಮವಾರ, ಬೆಳಗ್ಗೆ 11:05

ನನ್ನದೂ ಕೇಳಿ. ಬಿಟಿಎಂನಲ್ಲಿ ಪೀಜಿ ನಡೆಸುತ್ತೇನೆ. ಒಬ್ಬ ಹುಡುಗ ನೋಟಿಸ್ ಕೊಡದೆ ಖಾಲಿ ಮಾಡಿದ. ನಿಯಮ ಇದೆ, ಒಂದು ತಿಂಗಳು ಮೊದಲೇ ಹೇಳಬೇಕು, ಇಲ್ಲ ಅಂದರೆ ಅಡ್ವಾನ್ಸ್‌ನಲ್ಲಿ ಹಿಡಿಯುತ್ತೇವೆ. ಹಿಡಿದೆ. ಅವನು ವಾಟ್ಸಾಪ್‌ನಲ್ಲಿ ‘ದುಡ್ಡು ವಾಪಸ್ ಹಾಕಿ, ಇಲ್ಲಾಂದ್ರೆ ನಾನು ನನ್ನ ಹತ್ತು ಫ್ರೆಂಡ್ಸ್ ಎಲ್ಲಾ ಒಂದು ಸ್ಟಾರ್’ ಅಂದ. ಹೇಳಿದ ಹಾಗೇ ಮಾಡಿದ. ಊಟದಲ್ಲಿ ಹುಳ ಅಂತ ಬರೆದಿದ್ದಾರೆ. ಅವನ ಫ್ರೆಂಡ್ಸ್ ನಮ್ಮ ಗೇಟ್ ಕೂಡ ನೋಡಿಲ್ಲ. ನಾನು ಎರಡು ಸಾವಿರ ವಾಪಸ್ ಕೊಟ್ಟು ತೆಗೆಸಿಬಿಡೋಣ ಅಂತಿದ್ದೇನೆ. ಸರಿ ತಾನೇ?

ಬೈಟು ಕಾಫಿ · ಸೋಮವಾರ, 11:20

ಕೊಡಿ ಆಂಟಿ, ಎರಡು ಸಾವಿರಕ್ಕೆ ನೆಮ್ಮದಿ.

ಸುಮ್ನೆ ಸೂರಿ · ಸೋಮವಾರ, 11:32

ಆಂಟಿ, ಬೇಜಾರು ಮಾಡ್ಕೋಬೇಡಿ. ಆ ನೋಟಿಸ್ ನಿಯಮ ಅವನಿಗೆ ಸೇರುವಾಗಲೇ ಬರೆದು ಕೊಟ್ಟಿದ್ರಾ? ಪೀಜಿಯಲ್ಲಿ ಅಡ್ವಾನ್ಸ್ ಕಳ್ಕೊಂಡವನು ನಾನೂ. ಅವನು ಹೇಗೂ ನಿಮ್ಮಲ್ಲಿ ಇದ್ದವನು. ಅವನ ರಿವ್ಯೂ ಸುಳ್ಳು ಅಂತ ಹೇಗೆ ಹೇಳ್ತೀರಿ?

ಪೀಜಿ ಆಂಟಿ · ಸೋಮವಾರ, 11:40

ಬಾಯಲ್ಲಿ ಹೇಳಿದ್ದೆ ಮಗಾ. ಗೋಡೆ ಮೇಲೂ ಅಂಟಿಸಿದ್ದೇನೆ.

15ನೇ ಕ್ರಾಸ್ · ಸೋಮವಾರ, ಮಧ್ಯಾಹ್ನ 1:10

ಆಂಟಿ, ಸೂರಿ ಹೇಳಿದ್ದರಲ್ಲಿ ಹುರುಳಿದೆ. ಆ ಹುಡುಗನದ್ದೂ ಹತ್ತು ಫ್ರೆಂಡ್ಸ್‌ದೂ ಬೇರೆ ಬೇರೆ. ಅವನು ನಿಮ್ಮಲ್ಲಿ ಇದ್ದ, ಊಟ ಮಾಡಿದ. ಸೇಡಿಗೇ ಬರೆದಿರಲಿ, ಅದು ಇದ್ದವನ ಅನುಭವ. ಅದು ಹೋಗುವುದು ಕಷ್ಟ. ಗೇಟ್ ಕೂಡ ನೋಡದ ಹತ್ತು ಜನರದ್ದು ಸುಳ್ಳು ರೇಟಿಂಗ್. ಅವನ ವಾಟ್ಸಾಪ್ ಮೆಸೇಜ್ ಸಾಕ್ಷಿ ಆಗುವುದು ಆ ಹತ್ತಕ್ಕೆ. ಹತ್ತನ್ನು ಮಾತ್ರ ರಿಪೋರ್ಟ್ ಮಾಡಿ.

ದುಡ್ಡು ಕೊಟ್ಟು ತೆಗೆಸಬೇಡಿ. ಕೆಟ್ಟ ರಿವ್ಯೂ ತೆಗೆಸಲು ದುಡ್ಡು, ರಿಯಾಯಿತಿ ಯಾವುದು ಕೊಟ್ಟರೂ ಅದೂ ನಿಯಮಕ್ಕೆ ವಿರುದ್ಧ. ನೀವು ದುಡ್ಡು ಕೊಡುತ್ತೇನೆ ಅಂದ ಮೆಸೇಜನ್ನೇ ಅವನು ಸ್ಕ್ರೀನ್‌ಶಾಟ್ ಮಾಡಿ ಹಾಕಿದರೆ ಏನು ಮಾಡುತ್ತೀರಿ? ಅಡ್ವಾನ್ಸ್ ಅವನಿಗೆ ಸಲ್ಲಬೇಕು ಅನ್ನಿಸಿದರೆ ಕೊಟ್ಟುಬಿಡಿ, ರಿವ್ಯೂ ಮಾತೇ ಎತ್ತದೆ. ಸಲ್ಲಬೇಕಿಲ್ಲ ಅನ್ನಿಸಿದರೆ ಕೊಡಬೇಡಿ. ಎರಡನ್ನೂ ಗಂಟು ಹಾಕಬೇಡಿ.

ಮೂರನೇ ಮಹಡಿ ವಕೀಲ · ಸೋಮವಾರ, 2:00

ಒಂದು ಸಣ್ಣ ಮಾತು. ಗೊತ್ತೇ ಇಲ್ಲದವನು ‘ಇಷ್ಟು ಸಾವಿರ ಕಳಿಸಿ, ಇಲ್ಲಾಂದ್ರೆ ನೂರು ಒಂದು ಸ್ಟಾರ್ ಬೀಳುತ್ತೆ’ ಅಂದರೆ ಅದು ಸುಲಿಗೆ. ಉತ್ತರ ಕೊಡಬೇಡಿ, ದುಡ್ಡು ಹಾಕಬೇಡಿ, ಮೆಸೇಜ್ ಇಟ್ಟುಕೊಂಡು cybercrime.gov.in ನಲ್ಲಿ ದೂರು ಕೊಡಿ. ಆದರೆ ತನ್ನದೇ ಅಡ್ವಾನ್ಸ್ ಕೇಳುವ ಹುಡುಗನನ್ನು ಸುಲಿಗೆಕೋರ ಅನ್ನೋಕಾಗಲ್ಲ ಆಂಟಿ. ಪೊಲೀಸರೂ ಒಪ್ಪಲ್ಲ.

ಇಡ್ಲಿಪಾತ್ರೆಗೆ: ‘ಕೇಸ್ ಹಾಕುತ್ತೇವೆ’ ಅನ್ನೋ ಸಾಲು ಉತ್ತರದಲ್ಲಿ ಬೇಡ. ಹಾಕುವವರು ಹೇಳಿ ಹಾಕಲ್ಲ, ಹೇಳುವವರು ಹಾಕಲ್ಲ ಅಂತ ಜನಕ್ಕೆ ಗೊತ್ತು. ಮಾನನಷ್ಟ ಅಂತ 22 ಜನರನ್ನು ಹುಡುಕಿಕೊಂಡು ಹೋಗೋ ಖರ್ಚಿಗೆ ಇನ್ನೊಂದು ಗ್ರೈಂಡರ್ ಬರುತ್ತೆ. ಆನ್‌ಲೈನ್ ರಿವ್ಯೂಗಳಿಗೆ ಬಿಐಎಸ್‌ನ ಐಎಸ್ 19000 ಅಂತ ಮಾನದಂಡ 2022ರಲ್ಲಿ ಬಂದಿದೆ. ಅದು ವೇದಿಕೆಗಳು ಹೇಗೆ ನಡೆದುಕೊಳ್ಳಬೇಕು ಅಂತ ಹೇಳುತ್ತೆ, ಆದರೆ ಕಡ್ಡಾಯ ಮಾಡಿಲ್ಲ. ಅದನ್ನು ಹಿಡಿದುಕೊಂಡು ಓಡಾಡಿ ನಿಮಗೆ ಸಿಗೋದು ಕಮ್ಮಿ.

15ನೇ ಕ್ರಾಸ್ · ಸೋಮವಾರ, ಸಂಜೆ 7:30

ಈಗ ಸಪ್ಲೈಯರ್ ಹುಡುಗ. ಕೆಲಸ ಮಾಡಿದವರು ಆ ಕೆಲಸದ ಅನುಭವವನ್ನು ಗಿರಾಕಿ ಥರ ರೇಟಿಂಗ್ ಮಾಡುವ ಹಾಗಿಲ್ಲ. ಅದು `Conflict of interest`. ಪಕ್ಕದ ಹೋಟೆಲ್‌ನವರು ಬಂದು ಒತ್ತಿದರೂ ಅದೇ. ಸಂಬಳದ ಸಾಲು ನಿಮ್ಮ ಪರ ಇದೆ, ಗಿರಾಕಿಗೆ ಸಂಬಳದ ತಡ ಗೊತ್ತಾಗುವುದಿಲ್ಲ. ಆದರೆ ‘ಅಡುಗೆಮನೆ ಗಲೀಜು’ ಅನ್ನುವುದನ್ನು ಗಿರಾಕಿಯೂ ಹೇಳಬಹುದು. ಹೆಸರು ಬೇರೆ. ಹಾಗಾಗಿ ಮೊದಲ ಸಲ ‘ನಿಯಮ ಮೀರಿಲ್ಲ’ ಅಂತ ಬರಬಹುದು, ಗಾಬರಿ ಆಗಬೇಡಿ.

ಉತ್ತರದಲ್ಲಿ ಮಾತ್ರ ಅವನ ಹೆಸರು ಬರೆಯಬೇಡಿ. ‘ಇವನು ನಾವು ಬಿಡಿಸಿದ ಹುಡುಗ’ ಅನ್ನಬೇಡಿ. ನಿಮ್ಮ ಊಹೆ ತಪ್ಪಾದರೆ ಒಬ್ಬ ಹುಡುಗನ ಹೆಸರು ಕೆಡಿಸಿದಿರಿ. ಸರಿಯಾದರೂ ಓದುವವನಿಗೆ ‘ಓಹೋ, ಸಂಬಳ ತಡ ಮಾಡ್ತಾರೆ ಹಾಗಾದ್ರೆ’ ಅನ್ನಿಸುತ್ತದೆ. ಅಂದ ಹಾಗೆ, ತಡ ಮಾಡ್ತೀರಾ?

ಇಡ್ಲಿಪಾತ್ರೆ · ಸೋಮವಾರ, 8:50

ಎರಡು ತಿಂಗಳ ಸಂಬಳ ತಡ ಆಗಿತ್ತು ಮೇಡಂ. ಹತ್ತಲ್ಲ, ಆರು ದಿನ.

15ನೇ ಕ್ರಾಸ್ · ಸೋಮವಾರ, 9:15

ಹಾಗಾದರೆ ಅದರ ಬಗ್ಗೆ ಸಾರ್ವಜನಿಕವಾಗಿ ಒಂದು ಅಕ್ಷರ ಬೇಡ. ಅವನ ಬಾಕಿ ಏನಾದರೂ ಇದ್ದರೆ ಕೊಟ್ಟು ಮುಗಿಸಿ. ರಿಪೋರ್ಟ್ ಮಾಡಿ ಸುಮ್ಮನಿರಿ.

ಉತ್ತರದ ವಿಚಾರ. 31ಕ್ಕೂ ಉತ್ತರ ಬೇಡ. ನಿಮ್ಮ ಪುಟ ತೆರೆದರೆ ಬರೀ ನಿಮ್ಮದೇ ಕೂಗು ಕಾಣುತ್ತದೆ. ಉತ್ತರ ಹಾಕಿದಾಗ ಬರೆದವನಿಗೆ ನೋಟಿಫಿಕೇಷನ್ ಹೋಗುತ್ತದೆ, ಮರೆತವನನ್ನೂ ಎಬ್ಬಿಸಿ ಕರೆದ ಹಾಗೆ. ವಿಡಿಯೊದ್ದು ಮೇಲೆ ಕಾಣುವ ಎರಡಕ್ಕೆ ಮಾತ್ರ ಬರೆಯಿರಿ. ನೀವು ಬರೆಯುವುದು ಒಂದು ಸ್ಟಾರ್ ಕೊಟ್ಟವನಿಗಲ್ಲ. ನಾಳೆ ಬೆಳಗ್ಗೆ ‘ಹತ್ತಿರದಲ್ಲಿ ಇಡ್ಲಿ ಎಲ್ಲಿ’ ಅಂತ ಹುಡುಕುವವನಿಗೆ. ಈ ಥರ:

‘ನಮಸ್ಕಾರ. ನೀವು ಹೇಳಿದ ವಿಡಿಯೊ ನಮ್ಮ ಹೋಟೆಲ್‌ನದ್ದಲ್ಲ, ಹೆಸರು ಒಂದೇ ಇರುವುದರಿಂದ ಗೊಂದಲ ಆಗಿರಬಹುದು. ನಮ್ಮದು ಹನುಮಂತನಗರದ 24 ಸೀಟಿನ ಟಿಫಿನ್ ರೂಮ್, ಬೇರೆ ಶಾಖೆ ಇಲ್ಲ. ನಮ್ಮಲ್ಲಿಗೇ ಬಂದಾಗ ತೊಂದರೆ ಆಗಿದ್ದರೆ ಯಾವ ದಿನ ಅಂತ ತಿಳಿಸಿ, ವಿಚಾರಿಸುತ್ತೇವೆ.’

ಕೊನೆ ಸಾಲು ಬಿಡಬೇಡಿ. ಅದು ಇದ್ದರೆ ನೀವು ಬಾಗಿಲು ಹಾಕಿಕೊಂಡಿಲ್ಲ ಅಂತ ಗೊತ್ತಾಗುತ್ತದೆ. ವಿಡಿಯೊ ಆದ ಹೋಟೆಲ್ ಯಾವುದು ಅಂತ ಬೆರಳು ತೋರಿಸಬೇಡಿ, ಆ ಜಗಳ ನಿಮ್ಮದಲ್ಲ.

ಚಟ್ನಿಯದ್ದಕ್ಕೆ ಮಾತ್ರ ಮನಸ್ಸಿಟ್ಟು ಬರೆಯಿರಿ. ‘ನೀವು ಹೇಳಿದ್ದು ಸರಿ. ಹಿಂದಿನ ರಾತ್ರಿ ಕರೆಂಟ್ ಹೋಗಿ ಕಾಯಿ ಕೆಟ್ಟಿತ್ತು, ನೋಡದೆ ರುಬ್ಬಿದ್ದು ನಮ್ಮ ತಪ್ಪು. ಈಗ ಬೆಳಗ್ಗೆಯೇ ಕಾಯಿ ಒಡೆಯುತ್ತಿದ್ದೇವೆ.’ ಅಷ್ಟು ಸಾಕು. ಉಚಿತ ದೋಸೆ ಕೊಡುತ್ತೇವೆ ಅನ್ನಬೇಡಿ. ಮೂವತ್ತು ಕೂಗಿನ ಮಧ್ಯೆ ಒಂದು ತಪ್ಪು ಒಪ್ಪಿಕೊಂಡಿರುವುದು ಕಂಡರೆ, ‘ಆ ವಿಡಿಯೊ ನಮ್ಮದಲ್ಲ’ ಅನ್ನುವ ಮಾತನ್ನೂ ಜನ ನಂಬುತ್ತಾರೆ.

ಬೈಟು ಕಾಫಿ · ಸೋಮವಾರ, 9:30

ಒಪ್ಪಿದೆ ಮೇಡಂ. ಆದರೆ ಸ್ಟಾರ್ ಮಾತ್ರ ಕೊಟ್ಟ ಏಳಕ್ಕೆ?

15ನೇ ಕ್ರಾಸ್ · ಸೋಮವಾರ, 9:48

ಅದೇ ಕಷ್ಟ. ಬರಹ ಇಲ್ಲದೆ ಯಾವ ನಿಯಮ ಮೀರಿದೆ ಅಂತ ತೋರಿಸುವುದು? ಪ್ರೊಫೈಲ್‌ನಲ್ಲಿ ಅದೇ ರಾತ್ರಿ ಅದೇ ಹೆಸರಿನ ಹೋಟೆಲ್‌ಗಳಿಗೆ ಒತ್ತಿದ್ದು ಕಂಡರೆ ರಿಪೋರ್ಟ್ ಮಾಡಿ, ಇಲ್ಲ ಅಂದರೆ ಬಿಡಿ.

ಇಡ್ಲಿಪಾತ್ರೆ · ಶನಿವಾರ, ಮಧ್ಯಾಹ್ನ 2:30

ತಡವಾಗಿ ಬರೆಯುತ್ತಿದ್ದೇನೆ, ವಾರವಿಡೀ ಭಟ್ಟರು ರಜ.

ಮಂಗಳವಾರ 22ನ್ನೂ, ಸಪ್ಲೈಯರ್ ಹುಡುಗನದ್ದನ್ನೂ, ಸ್ಟಾರ್ ಮಾತ್ರದ್ದರಲ್ಲಿ ಎರಡನ್ನೂ ರಿಪೋರ್ಟ್ ಮಾಡಿದೆ. ಆ ಇಬ್ಬರು ನಮ್ಮ ಹೆಸರಿನ ಇನ್ನೂ ಮೂರು ಹೋಟೆಲ್‌ಗೆ ಅದೇ ರಾತ್ರಿ ಒತ್ತಿದ್ದರು. ಪ್ರೊಫೈಲ್‌ನಿಂದ ಒಂದೊಂದಾಗಿ ಒತ್ತುವ ಬದಲು ಗೂಗಲ್‌ನ `Reviews Management Tool` ತೆರೆದರೆ ಎಲ್ಲದರ ಸ್ಥಿತಿ ಒಂದೇ ಕಡೆ ಕಾಣುತ್ತೆ. ಶುರುವಿಗೆ ಎಲ್ಲದರ ಮುಂದೆಯೂ `Decision pending` ಅಂತಿತ್ತು. ಗುರುವಾರದ ಹೊತ್ತಿಗೆ 22ರಲ್ಲಿ 17 ಮಾಯ. ಸ್ಟಾರ್‌ನ ಎರಡೂ ಮಾಯ. ಉಳಿದ ಐದಕ್ಕೂ ಹುಡುಗನದ್ದಕ್ಕೂ ‘ನಿಯಮ ಮೀರಿಲ್ಲ’ ಅಂತ ಬಂತು.

ಅವಕ್ಕೆ ಮೇಲ್ಮನವಿ ಹಾಕಬಹುದೇ ಮೇಡಂ? ಸಿಟ್ಟಿಗೆ ಮತ್ತೆ ಮತ್ತೆ ಒತ್ತುತ್ತಿದ್ದೆ.

15ನೇ ಕ್ರಾಸ್ · ಶನಿವಾರ, 3:05

ಮತ್ತೆ ಮತ್ತೆ ಒತ್ತಬೇಡಿ. ಅದೇ ಟೂಲ್‌ನಲ್ಲಿ ಮೇಲ್ಮನವಿಗೆ ದಾರಿ ಇದೆ. ಒಂದು ಸಲಕ್ಕೆ ಹತ್ತು ರಿವ್ಯೂ ತನಕ ಆರಿಸಬಹುದು, ನಿಮ್ಮದು ಆರು, ಸಾಕು. ಒಂದು ರಿವ್ಯೂಗೆ ಒಂದೇ ಅವಕಾಶ, ಅದಕ್ಕೇ ನೆಟ್ಟಗೆ ಬರೆಯಿರಿ. ‘ನಮಗೆ ತುಂಬಾ ನಷ್ಟ ಆಗಿದೆ’ ಅನ್ನುವುದೆಲ್ಲ ಬೇಡ, ಅದು ಯಾವ ನಿಯಮವೂ ಅಲ್ಲ. ಒಂದೊಂದಕ್ಕೂ ಎರಡು ಸಾಲು. ಪರಾಠಾ ಅಂದವರಿಗೆ: ‘ನಮ್ಮ ಮೆನುವಿನಲ್ಲಿ ಪರಾಠಾ ಇಲ್ಲ, ಮೆನು ಫೋಟೊ ಪ್ರೊಫೈಲ್‌ನಲ್ಲಿದೆ. ಇದು ಬೇರೆ ಜಾಗದ ಬಗ್ಗೆ ಬರೆದದ್ದು.’ ಮೆನು ಫೋಟೊ ಹಾಕಿಲ್ಲ ಅಂದರೆ ಇವತ್ತೇ ಹಾಕಿ.

ಇಡ್ಲಿಪಾತ್ರೆ · ಮುಂದಿನ ಶುಕ್ರವಾರ, ರಾತ್ರಿ 9:10

ಐದರಲ್ಲಿ ನಾಲ್ಕು ಹೋಯ್ತು. ಪರಾಠಾ ಹೋಯ್ತು. ‘ಸ್ಟಾಫ್ ಸೊಕ್ಕಿನವರು’ ಅಂತ ಮಾತ್ರ ಬರೆದದ್ದು ಉಳಿಯಿತು. ಅದು ವಿಡಿಯೊ ನೋಡಿ ಬರೆದದ್ದೋ ನಮ್ಮ ಸ್ಟಾಫ್ ನೋಡಿ ಬರೆದದ್ದೋ, ಈಗ ನನಗೂ ಅನುಮಾನ. ಸಪ್ಲೈಯರ್ ಹುಡುಗನದ್ದೂ ಉಳಿಯಿತು. ಸ್ಟಾರ್ ಮಾತ್ರ ಕೊಟ್ಟವುಗಳಲ್ಲಿ ಐದು ಹಾಗೇ ಇವೆ. 4.5 ತೋರಿಸುತ್ತಿದೆ.

ಬೈಟು ಕಾಫಿ · ಶುಕ್ರವಾರ, 9:22

ಆ ಐದಕ್ಕೆ ‘ಏನಾಯ್ತು ಹೇಳಿ’ ಅಂತ ಒಂದು ಲೈನ್ ಹಾಕಬಹುದಿತ್ತಲ್ಲ? ಖಾಲಿ ಬಿಟ್ಟರೆ ಒಪ್ಪಿಕೊಂಡ ಹಾಗೆ ಕಾಣಲ್ವಾ?

15ನೇ ಕ್ರಾಸ್ · ಶುಕ್ರವಾರ, 9:40

ನಾನು ಬಿಡಿ ಅಂತೀನಿ. ನನ್ನ ಜೊತೆ ಕೆಲಸ ಮಾಡುವವರು ಹಾಕಿ ಅಂತಾರೆ. ಇದರ ಮೇಲೆ ನಮ್ಮಿಬ್ಬರಿಗೂ ಜಗಳ ಮುಗಿದಿಲ್ಲ.

ಪೀಜಿ ಆಂಟಿ · ಶುಕ್ರವಾರ, 9:55

ನನ್ನ ಹತ್ತರಲ್ಲಿ ಆರು ಹೋಯಿತು. ಆ ಹುಡುಗನದ್ದು ಇದೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ, ಯೋಚನೆ ಮಾಡ್ತಿದ್ದೇನೆ. ನೋಟಿಸ್ ನಿಯಮ ಈಗ ರಸೀದಿ ಹಿಂದೆ ಪ್ರಿಂಟ್ ಹಾಕಿಸಿದ್ದೇನೆ ಸೂರಿ.

ಸುಮ್ನೆ ಸೂರಿ · ಶುಕ್ರವಾರ, 10:02

ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹಾಕಿಸಿ ಆಂಟಿ. ನನ್ನ ರಿವ್ಯೂ ಬಗ್ಗೆ ಯಾರೂ ಹೇಳಲೇ ಇಲ್ಲ.

ಇಡ್ಲಿಪಾತ್ರೆ · ಶುಕ್ರವಾರ, 10:15

ಈಗಷ್ಟೇ ಇನ್ನೊಂದು ಬಂತು. ಎರಡು ಸ್ಟಾರ್. ‘ಸಕ್ಕರೆ ಬೇಡ ಅಂದಿದ್ದೆ, ಹಾಕಿ ಕೊಟ್ಟರು, ವಾಪಸ್ ಕೊಟ್ಟಾಗ ಅದನ್ನೇ ಸ್ವಲ್ಪ ಡಿಕಾಕ್ಷನ್ ಸುರಿದು ತಂದರು.’ ಕೌಂಟರ್‌ನಲ್ಲಿ ಯಾರಿದ್ದರು ಅಂತ ನನಗೆ ಗೊತ್ತು. ಚಿಕ್ಕಪ್ಪ. ಉತ್ತರ ಬರೆಯೋಕೆ ಮೊದಲು ಅವರ ಹತ್ತಿರ ಮಾತಾಡಬೇಕು.